ಸಂದು ನೋಡಿ ಗೋಡೆಯ ತೊಂದರೆ ಹಿಡಿಯುವುದು

ಇಟ್ಟಿಗೆ ಗೋಡೆಯಲ್ಲಿ ಮೊದಲು ಸೋಲಬೇಕಾದ್ದು ಗಾರೆ, ಇಟ್ಟಿಗೆಯಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆ ಮನೆಗಳಲ್ಲಿ ಪಾಯ ಕುಸಿದರೂ ಕೆಳಗಿಂದ ತೇವ ಏರಿದರೂ ಅದರ ಗುರುತು ಇಟ್ಟಿಗೆಗಳ ನಡುವೆ ಗಾರೆ ತುಂಬಿದ ಮೆತ್ತನೆಯ ಸಂದಿನಲ್ಲೇ ಬೀಳುತ್ತದೆ. ಹಾಗಾಗಿ ಕೆಲಸ ಕಲಿಯಲು ಬಂದ ಶಿವುವಿನ ಕೈಗೆ ನಾನು ಮೊದಲು ಕೊಟ್ಟದ್ದು ಕರಣೆಯಲ್ಲ, ಮೂರಿಂಚಿನ ಒಂದು ಮೊಳೆ.

ಮೈಸೂರಿನ ಹಳೆ ಬಡಾವಣೆಯ ಹೆಂಚಿನ ಮನೆ. ಪಡುವಣ ಗೋಡೆಗೆ ಹೊರಗಡೆ ಗಿಲಾವು ಇಲ್ಲ, ಇಟ್ಟಿಗೆ ಸಂದು ಎಲ್ಲ ಕಾಣುತ್ತಿತ್ತು. ಕಿಟಕಿಯ ಮೇಲಿನ ಬಲ ಮೂಲೆಯಿಂದ ಹೊರಟ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಏರಿ ಸೂರು ಮುಟ್ಟಿತ್ತು. ಕೆಳಗೆ ಮೊಣಕಾಲೆತ್ತರದವರೆಗೆ ಇಟ್ಟಿಗೆ ಉದುರುತ್ತಿತ್ತು. ಇನ್ನು ಎಡಗಡೆ, ಆಮೇಲೆ ಸೇರಿಸಿದ ಅಡುಗೆಮನೆಯ ಹತ್ತಿರ, ನೆಟ್ಟಗೆ ಮೇಲಿನಿಂದ ಕೆಳಕ್ಕೆ ಇಳಿದ ಇನ್ನೊಂದು ಬಿರುಕು. ಸಿಮೆಂಟ್ ತುಂಬಿ ಬಣ್ಣ ಹೊಡೆದುಬಿಡಿ ಎಂದು ಮನೆಯವರು ಹೇಳಿದ್ದರು.

"ಯಾವುದು ದೊಡ್ಡ ತೊಂದ್ರೆ ಹೇಳು ಮಗ" ಅಂದೆ.

"ಆ ನೆಟ್ಟಗಿರೋದು ಮೇಸ್ತ್ರಿ. ಗೋಡೇನೇ ಎರಡು ಭಾಗ ಆಗಿದೆ."

"ಬಿರುಕು ಬಿಡು. ಅದರ ಎರಡೂ ಕಡೆ ಸಂದು ನೋಡು."

ನೋಡಿದರೆ ಎಡಗಡೆಯ ವರಸೆಯ, ಅಂದರೆ ಇಟ್ಟಿಗೆ ಸಾಲಿನ, ಸಂದು ಬಲಗಡೆಯ ವರಸೆಗೆ ಸೇರುತ್ತಲೇ ಇರಲಿಲ್ಲ, ಅರ್ಧ ಇಟ್ಟಿಗೆಯಷ್ಟು ಮೇಲೆ ಕೆಳಗೆ. ಒಂದು ಇಟ್ಟಿಗೆಯೂ ಆ ಗೆರೆ ದಾಟಿ ಆಚೆ ಹೋಗಿಲ್ಲ. ಅಂದರೆ ಹಳೆ ಗೋಡೆಗೆ ಹಲ್ಲು ಬಿಡಿಸಿ ಹೊಸ ಇಟ್ಟಿಗೆಯನ್ನು ಅದರೊಳಗೆ ಹೆಣೆಯದೆ, ಹೊಸ ಗೋಡೆಯನ್ನು ಸುಮ್ಮನೆ ಆನಿಸಿ ಕಟ್ಟಿದ್ದಾರೆ. ಅದು ಒಡೆದದ್ದಲ್ಲ, ಮೊದಲಿಂದಲೂ ಕೂಡಿಯೇ ಇರಲಿಲ್ಲ. ಮಳೆನೀರು ಹೋಗದ ಹಾಗೆ ಮೆತ್ತನೆಯ ಗಾರೆ ತುಂಬಿದರೆ ಸಾಕು. ಎರಡು ಗೋಡೆ ಬೇರೆ ಬೇರೆ ಕೂರುವುದರಿಂದ ಅಲ್ಲಿ ಕೂದಲೆಳೆಯಷ್ಟು ಬಿರುಕು ಮತ್ತೆ ಬಂದರೂ ಬರುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಬೇಕು.

ಮೆಟ್ಟಿಲು ಬಿರುಕಿನದು ಬೇರೆ ವಿಷಯ. ಬಿರುಕು ಯಾವ ಕಡೆಗೆ ಏರುತ್ತದೋ ಸಾಮಾನ್ಯವಾಗಿ ಆ ಕಡೆಯ ಪಾಯ ಕುಸಿದಿರುತ್ತದೆ. ಇಲ್ಲಿ ಬಲಕ್ಕೆ ಏರಿದೆ, ಬಲ ಮೂಲೆ ನೋಡಬೇಕು. ಆಮೇಲೆ ಅಗಲ. ಕಿಟಕಿಯ ಹತ್ತಿರ ಕೂದಲೆಳೆಯಷ್ಟಿದ್ದದ್ದು ಸೂರಿನ ಹತ್ತಿರ ಸುಮಾರು 4 ಮಿಲಿಮೀಟರ್ ಆಗಿತ್ತು. ಮೇಲೆ ಅಗಲವಾದರೆ ಗೋಡೆಯ ತುದಿ ಇಳಿದಿದೆ. ಕೆಳಗೆ ಅಗಲವಾಗಿ ಮೇಲೆ ಸಣ್ಣಗಾದರೆ ನಡುಭಾಗ ಇಳಿದಿದೆ. ದಿಕ್ಕು, ಅಗಲ ಎರಡೂ ಒಂದೇ ಮಾತು ಹೇಳಿದರೆ ಮಾತ್ರ ನಾನು ನಂಬುವುದು.

ಮೂರನೆಯ ಸಾಕ್ಷಿಗೆ ದಾರ ಬೇಕು. ಎಡ ತುದಿಯ ಒಂದು ಅಡ್ಡ ಸಂದಿಗೆ ಮೊಳೆ ಹೊಡೆದು, ನೀರಿನ ಟ್ಯೂಬಿನಲ್ಲಿ ಮಟ್ಟ ಹಿಡಿದು, ಬಲ ಮೂಲೆಯವರೆಗೆ ದಾರ ಕಟ್ಟಿಸಿದೆ. ಮೂಲೆಯಲ್ಲಿ ಸಂದು ದಾರಕ್ಕಿಂತ ಅರ್ಧ ಇಂಚು ಕೆಳಗಿತ್ತು. ಕಟ್ಟುವಾಗಲೇ ಓರೆಯಾಗಿತ್ತೋ ಆಮೇಲೆ ಇಳಿಯಿತೋ ಎಂದು ಶಿವು ಕೇಳಿದ. ಒಳ್ಳೆಯ ಪ್ರಶ್ನೆ, ಬಹಳ ಜನ ಕೇಳುವುದಿಲ್ಲ. ಅದೇ ಮೂಲೆಯ ಮೇಲಿನ ವರಸೆಗಳನ್ನು ನೋಡಬೇಕು. ಕಟ್ಟುತ್ತಿದ್ದಾಗಲೇ ಕುಸಿದಿದ್ದರೆ ಆ ಮೇಸ್ತ್ರಿ ಮೇಲೆ ಬರುತ್ತಾ ಗಾರೆ ದಪ್ಪ ಹಾಕಿ ಮಟ್ಟಕ್ಕೆ ತಂದಿರುತ್ತಾನೆ. ಕಾಲಿಂಚಿನ ಸಂದು ಅಲ್ಲಿ ಮುಕ್ಕಾಲು ಇಂಚು ಆಗಿರುತ್ತದೆ, ಸೂರಿನ ಹತ್ತಿರ ವರಸೆ ಮಟ್ಟವಾಗಿರುತ್ತದೆ. ಇಲ್ಲಿ ಸಂದೆಲ್ಲ ಒಂದೇ ದಪ್ಪ, ಮೇಲಿನ ವರಸೆಯೂ ಅಷ್ಟೇ ಇಳಿದಿತ್ತು. ಗೋಡೆ ಎದ್ದು ನಿಂತ ಮೇಲೆ ಆದ ಕುಸಿತ ಇದು.

ಕಾರಣ ಕಣ್ಣೆದುರೇ ಇತ್ತು. ಸೂರಿನ ನೀರಿನ ಪೈಪು ಅದೇ ಮೂಲೆಯಲ್ಲಿ ಇಳಿದು ನೆಲದಿಂದ ಒಂದಡಿ ಮೇಲೆ ನಿಂತುಬಿಟ್ಟಿತ್ತು. ಮಳೆಗಾಲವಿಡೀ ನೀರು ಪಾಯದ ಪಕ್ಕಕ್ಕೇ ಸುರಿದು ಮಣ್ಣು ಕೊಚ್ಚಿಹೋಗಿತ್ತು.

ಇನ್ನು ಉಳಿದದ್ದು, ಕುಸಿತ ನಿಂತಿದೆಯೋ ನಡೆಯುತ್ತಿದೆಯೋ ಎನ್ನುವುದು. ಬಿರುಕಿನೊಳಗೆ ಧೂಳು, ಜೇಡರ ಬಲೆ, ಹಳೆ ಸುಣ್ಣದ ಬಣ್ಣ ಇದ್ದರೆ ಅದು ಹಳೆಯದು. ಅಂಚು ಚೂಪಾಗಿದ್ದು ಒಳಗೆ ಗಾರೆ ಹೊಸದಾಗಿ ಮುರಿದ ಹಾಗೆ ಬೆಳ್ಳಗಿದ್ದರೆ ಇತ್ತೀಚಿನದು. ಇಲ್ಲಿ ಕಿಟಕಿಯ ಹತ್ತಿರ ಧೂಳು ತುಂಬಿತ್ತು, ಸೂರಿನ ಹತ್ತಿರ ಅಂಚು ಹೊಸದಿತ್ತು. ಇಂಥಲ್ಲಿ ಕಣ್ಣನ್ನು ನಂಬದೆ ಗಾಜು ಕೂರಿಸಬೇಕು. ಮೂರಿಂಚು ಉದ್ದದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡು ತುದಿಗೆ ಮಾತ್ರ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ, ಪಕ್ಕದಲ್ಲಿ ತಾರೀಖು ಬರೆಯುವುದು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಧೂಳಿನ ಮೇಲೆ ಅಂಟಿಸಿದರೆ ಗಾಜು ಒಡೆಯದೆ ಕಿತ್ತು ಬರುತ್ತದೆ, ಆದ್ದರಿಂದ ಇಟ್ಟಿಗೆಯನ್ನು ಬ್ರಷ್ ಹಾಕಿ ಉಜ್ಜಿ ತೇವ ಮಾಡಿಯೇ ಕೂರಿಸಬೇಕು. ಒಂದು ಮಳೆಗಾಲ ಕಳೆಯುವವರೆಗೆ ಆ ಬಿರುಕಿಗೆ ಕೈ ಹಾಕುವುದಿಲ್ಲ ಎಂದು ಮನೆಯವರನ್ನು ಒಪ್ಪಿಸಿದೆ. ಪೈಪನ್ನು ಮಾತ್ರ ಅಂದೇ ಮುಂದುವರಿಸಿ ನೀರನ್ನು ಚರಂಡಿಗೆ ಬಿಟ್ಟೆವು.

ಆ ಹೊತ್ತಿಗೆ ಕೆಳಗಿನ ಭಾಗ. ಮೊಳೆ ಬೇಕಾದದ್ದು ಇಲ್ಲೇ. ಮೇಲಿನ ಸಂದನ್ನು ಶಿವು ಗೀರಿದ, ಬೆಳ್ಳನೆ ಗೆರೆ ಬಿದ್ದು ಚೂರು ಪುಡಿ ಬಂತು. ಅದು ಆರೋಗ್ಯದ ಸುಣ್ಣದ ಗಾರೆ. ಬೆರಳು ಹಾಕಿದರೇ ಮರಳು ಸುರಿದರೆ ಸುಣ್ಣದ ಸತ್ವ ಹೋಗಿದೆ ಎಂದರ್ಥ. ಕೆಳಗಿನ ಸಂದಿನಲ್ಲಿ ಮೊಳೆ ಜಾರಿತು, ಬಣ್ಣ ಬೂದಿ. ಯಾರೋ ಹಿಂದೆ ಸಿಮೆಂಟ್ ಪಾಯಿಂಟಿಂಗ್ ಮಾಡಿ ಸಂದಿನ ಹೊರಮುಖಕ್ಕೆ ಸಿಮೆಂಟ್ ಗಾರೆ ತುಂಬಿದ್ದರು. ಅಲ್ಲಿ ಇಟ್ಟಿಗೆಯ ಮುಖ ಮುಕ್ಕಾಲು ಇಂಚು ಒಳಕ್ಕೆ ತಿಂದುಹೋಗಿ ಸಿಮೆಂಟಿನ ಸಂದು ಮಾತ್ರ ಜೇನುಗೂಡಿನ ಗೋಡೆಯ ಹಾಗೆ ಹೊರಗೆ ಚಾಚಿಕೊಂಡಿತ್ತು.

"ಸಿಮೆಂಟ್ ಗಟ್ಟಿ ನಿಂತಿದೆಯಲ್ಲ ಮೇಸ್ತ್ರಿ, ಇಟ್ಟಿಗೇನೇ ಸರಿ ಇಲ್ಲ."

ಎಲ್ಲರೂ ಹೀಗೇ ಹೇಳುವುದು. ನೆಲದಿಂದ ಏರಿದ ತೇವ ಮೊದಲು ಸುಣ್ಣದ ಸಂದಿನಿಂದ ಆವಿಯಾಗಿ ಹೋಗುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚಿತು. ತೇವ ಇಟ್ಟಿಗೆಯಿಂದ ಹೊರಡತೊಡಗಿತು, ಅದರ ಜೊತೆ ಬಂದ ಉಪ್ಪು ಇಟ್ಟಿಗೆಯ ಮುಖದ ಹಿಂದೆಯೇ ಹರಳುಗಟ್ಟಿ ಪದರ ಪದರವಾಗಿ ಎಬ್ಬಿಸಿತು. ಮೇಲೆ, ಸುಣ್ಣದ ಸಂದು ಇದ್ದಲ್ಲಿ, ಅದೇ ಭಟ್ಟಿಯ ಇಟ್ಟಿಗೆಗೆ ಏನೂ ಆಗಿರಲಿಲ್ಲ.

ಆ ಸಿಮೆಂಟನ್ನು ಸಂದಿಗಿಂತ ಸಣ್ಣ ಉಳಿಯಲ್ಲಿ, ಹಗುರ ಸುತ್ತಿಗೆಯಲ್ಲಿ ಒಂದಿಂಚು ಆಳಕ್ಕೆ ಬಿಡಿಸಿದೆವು. ಕಟಿಂಗ್ ಮೆಷಿನ್ ಹಾಕಿದರೆ ನಿಲುವು ಸಂದಿನಲ್ಲಿ ಬ್ಲೇಡು ಮೇಲಿನ ಕೆಳಗಿನ ಇಟ್ಟಿಗೆಯನ್ನೂ ಕೊಯ್ಯುತ್ತದೆ. ತಿಂದುಹೋದ ಇಟ್ಟಿಗೆಗಳನ್ನು ಒಮ್ಮೆಗೆ ಎರಡು ಮೂರರಂತೆ, ಒಂದರ ಪಕ್ಕ ಒಂದು ಬಾರದ ಹಾಗೆ, ತೆಗೆದು ಬದಲಿಸಿದೆವು. ಗಾರೆಗೆ ಕಲಸಿದ್ದು ನೆನೆಸಿಟ್ಟ ಸುಣ್ಣ 1 ಪಾಲು, ಸುರ್ಕಿ ಎನ್ನುವ ಇಟ್ಟಿಗೆ ಪುಡಿ 1 ಪಾಲು, ಜರಡಿ ಹಿಡಿದ ಮರಳು 2 ಪಾಲು. ಸಂದು ತೊಳೆದು, ನೀರು ಇಂಗಿ ಮೇಲ್ಮೈ ಮಿನುಗುವುದು ನಿಂತ ಮೇಲೆ ಅರ್ಧ ಇಂಚು ಒತ್ತಿ ತುಂಬುವುದು, ಅದು ಬಿಗಿಯಾದ ಮೇಲೆ ಇನ್ನರ್ಧ. ಒಣ ಇಟ್ಟಿಗೆಗೆ ತುಂಬಿದರೆ ಅದು ಗಾರೆಯ ನೀರೆಲ್ಲ ಎಳೆದುಕೊಂಡು ವಾರದಲ್ಲಿ ಸಂದಿನ ಅಂಚಿಗೆ ಗೆರೆ ಬಿಡುತ್ತದೆ. ಮೇಲೆ ಒದ್ದೆ ಗೋಣಿ ಕಟ್ಟಿ ಏಳು ದಿನ ಆರದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ತೇವ ಏರುವುದು ನಿಲ್ಲುವುದಿಲ್ಲ. ಕೆಲವು ವರ್ಷಕ್ಕೆ ಈ ಗಾರೆಯೂ ಸವೆಯುತ್ತದೆ, ಆಗ ಗಾರೆ ಬದಲಿಸಿದರೆ ಮುಗಿಯಿತು, ಇಟ್ಟಿಗೆ ಉಳಿದಿರುತ್ತದೆ.

ಗಾಜು ಮಳೆಗಾಲ ದಾಟಿತು, ಒಡೆಯಲಿಲ್ಲ. ದೀಪಾವಳಿ ಆದ ಮೇಲೆ ಮೆಟ್ಟಿಲು ಬಿರುಕನ್ನೂ ಅದೇ ಗಾರೆಯಲ್ಲಿ ತುಂಬಿದ್ದು ಶಿವು. ಗಾಜು ಒಡೆದಿದ್ದರೆ, ಅಥವಾ ತೂಗುಗುಂಡು ಬಿಟ್ಟಾಗ ಗೋಡೆ ಒಂದಿಂಚಿಗಿಂತ ಹೆಚ್ಚು ಹೊರಕ್ಕೆ ವಾಲಿದ್ದು ಕಂಡಿದ್ದರೆ, ನಾವು ಸಂದಿಗೆ ಕೈ ಹಾಕುತ್ತಿರಲಿಲ್ಲ. ಅದು ಪಾಯದ ಕೆಲಸ, ಇಂಜಿನಿಯರ್ ಬಂದು ಗುಂಡಿ ತೆಗೆಸಿ ನೋಡಬೇಕು.