ಒಂದು ಪೊಟ್ಟಣ, ಒಂದು ಲೋಟ: ಫೋನಿನಲ್ಲಿ ನೋಡಿದ ಮಗುವಿನ ಟಿಪ್ಪಣಿ

ಕೆಲ ವರ್ಷಗಳ ಹಿಂದೆ ಫೋನಿನಲ್ಲಿ ಕೇಳಿದವರ ಬಗ್ಗೆ ನಾನು ಒಂದೇ ಸಾಲು ಬರೆಯುತ್ತಿದ್ದೆ: 'ಜ್ವರ, ಪ್ಯಾರಾಸಿಟಮಾಲ್, ಕಡಿಮೆಯಾಗದಿದ್ದರೆ ಬರಲು ಹೇಳಿದೆ.' ಹೀಗೆ ಬರೆದಿದ್ದ ಒಬ್ಬರ ಮನೆಯವರು ಆಮೇಲೆ ಬಂದು, "ಮೂರು ದಿನ ಕಾಯಿರಿ ಅಂದಿದ್ದು ನೀವೇ ಅಲ್ವಾ ಡಾಕ್ಟ್ರೇ" ಎಂದರು. ನಾನು ಹಾಗೆ ಹೇಳಿದ್ದೆನೋ ಇಲ್ಲವೋ, ನನಗೇ ನೆನಪಿರಲಿಲ್ಲ. ಟಿಪ್ಪಣಿ ತೆಗೆದು ನೋಡಿದರೆ ಅದರಲ್ಲೂ ಇರಲಿಲ್ಲ.

ಆಮೇಲೆ ಬರೆಯುವ ಕ್ರಮ ಬದಲಾಯಿತು. ಒಂದು ಕರೆಯನ್ನೇ ಹೇಳುತ್ತೇನೆ.

ಜುಲೈ ತಿಂಗಳ ಮಳೆ. ಸುಂಟಿಕೊಪ್ಪ ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಸಂಜೆ 4:20ಕ್ಕೆ ಫೋನ್ ಬಂತು. ಮಗುವಿಗೆ 1 ವರ್ಷ 10 ತಿಂಗಳು, ಬೆಳಗಿನಿಂದ ಐದು ಸಲ ಭೇದಿ, ಒಂದು ಸಲ ವಾಂತಿ. ಮಾತಾಡಿದ್ದು ತಾಯಿ. ಹೆಸರು, ಮಗುವಿನೊಂದಿಗಿನ ಸಂಬಂಧ, ಕರೆ ಮಾಡಿದ ನಂಬರ್ ಇಷ್ಟನ್ನು ಮೊದಲೇ ಬರೆದುಕೊಂಡೆ. ಹದಿನಾರು ವರ್ಷದೊಳಗಿನವರಾದರೆ ಜೊತೆಯಲ್ಲಿ ದೊಡ್ಡವರೊಬ್ಬರು ಇರಬೇಕು, ಅವರು ಯಾರೆಂದು ಖಚಿತವಾಗಬೇಕು ಎಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ. ರೋಗಿಯೇ ಕರೆ ಮಾಡಿದ್ದರೆ ಒಪ್ಪಿಗೆ ಇದೆ ಎಂದೇ ಅರ್ಥ, ನೋಡಿಕೊಳ್ಳುವವರು ಮಾಡಿದ್ದರೆ ಒಪ್ಪಿಗೆಯನ್ನು ಕೇಳಿ ಬರೆದಿಡಬೇಕು. ಅದಕ್ಕೆ 'ತಾಯಿಯೇ ಕರೆ ಮಾಡಿದರು, ಕೇಳಿದಾಗ ಒಪ್ಪಿಗೆ ಕೊಟ್ಟರು' ಎಂದು ಬರೆದೆ.

ಫೋನಿನಲ್ಲಿ ನಾನು ಮಗುವನ್ನು ನೋಡುವುದಿಲ್ಲ, ತಾಯಿ ನೋಡಿದ್ದನ್ನು ಕೇಳುತ್ತೇನೆ. ಈ ವ್ಯತ್ಯಾಸ ಟಿಪ್ಪಣಿಯಲ್ಲೂ ಕಾಣಬೇಕು. 'ನಿರ್ಜಲೀಕರಣ ಇಲ್ಲ' ಎಂದು ಬರೆದರೆ ನಾನು ಪರೀಕ್ಷೆ ಮಾಡಿದಂತಾಗುತ್ತದೆ. ಹಾಗಾಗಿ ಬರೆದದ್ದು: 'ತಾಯಿ ಹೇಳಿದಂತೆ: ಅಳುವಾಗ ಕಣ್ಣೀರು ಬರುತ್ತಿದೆ, ನಾಲಿಗೆ ಒದ್ದೆ, 2 ಗಂಟೆ ಹಿಂದೆ ಮೂತ್ರ, ನೀರು ಕೇಳಿ ಕುಡಿಯುತ್ತಿದೆ, ಭೇದಿಯಲ್ಲಿ ರಕ್ತ ಇಲ್ಲ. ನಾನು ಮಗುವನ್ನು ನೋಡಿಲ್ಲ, ಹೊಟ್ಟೆ ಮುಟ್ಟಿಲ್ಲ.' ಇಲ್ಲ ಎಂದದ್ದನ್ನೂ ಬರೆಯಬೇಕು. ಇಲ್ಲವಾದರೆ ಕೇಳಲೇ ಇಲ್ಲವೋ, ಕೇಳಿ ಇಲ್ಲ ಎಂದರೋ ಗೊತ್ತಾಗುವುದಿಲ್ಲ.

ಸಲಹೆ ಸರಳ. ಆಶಾ ಕಾರ್ಯಕರ್ತೆ ಕೊಟ್ಟಿದ್ದ ಓಆರ್‌ಎಸ್ ಪೊಟ್ಟಣ ಮನೆಯಲ್ಲೇ ಇತ್ತು. ಪೊಟ್ಟಣದ ಮೇಲಿದ್ದುದನ್ನು ಓದಿಸಿದೆ, ಒಂದು ಲೀಟರಿನದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ. ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಅಂದರೆ ಲೋಟದ ಕಾಲು ಭಾಗದಿಂದ ಅರ್ಧ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ. ಎದೆಹಾಲು, ಊಟ ನಿಲ್ಲಿಸಬಾರದು. ಸತುವಿನ ಮಾತ್ರೆ 20 ಮಿಗ್ರಾಂ, ದಿನಕ್ಕೊಂದು, 14 ದಿನ.

"ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ "ಹ್ಞೂಂ ಡಾಕ್ಟ್ರೇ" ಅನ್ನುತ್ತಾರೆ. ಡಾಕ್ಟರಿಗೆ ಇಲ್ಲ ಅನ್ನುವವರು ಯಾರು! ಅದಕ್ಕೇ ಕೇಳಿದೆ: "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡಬೇಕಮ್ಮ. ಈಗ ಹೇಗೆ ಕಲಸ್ತೀರಿ, ನೀವೇ ಹೇಳಿ."

"ಒಂದು ಲೋಟ ನೀರಿಗೆ ಪೊಟ್ಟಣ ಹಾಕಿ ಕುಡಿಸೋದು."

ಎದೆ ಧಸಕ್ಕೆಂದಿತು. ಅದೇ ಪುಡಿ ಐದು ಪಟ್ಟು ಗಟ್ಟಿಯಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಅಪಾಯವಾಗಬಹುದು. ತಪ್ಪು ಅವರದಲ್ಲ. ಅಂಗಡಿಯಲ್ಲಿ 200 ಮಿಲಿಯ ಚಿಕ್ಕ ಪೊಟ್ಟಣವೂ ಸಿಗುತ್ತದೆ, ಹಿಂದೆ ಅದನ್ನೇ ಕುಡಿಸಿದ್ದರಂತೆ. ಮನೆಯಲ್ಲಿದ್ದ ಒಂದು ಲೀಟರಿನ ನೀರಿನ ಬಾಟಲಿ ತರಿಸಿ, ಅದರಲ್ಲೇ ಅಳೆಯಲು ಹೇಳಿ, ಮತ್ತೆ ಹೇಳಿಸಿದೆ. ಬರೆದದ್ದು ಹೀಗೆ: 'ಮೊದಲ ಸಲ "ಒಂದು ಲೋಟಕ್ಕೆ ಒಂದು ಪೊಟ್ಟಣ" ಎಂದರು. ತಿದ್ದಿದೆ. ಎರಡನೇ ಸಲ "ಬಾಟಲಿ ತುಂಬಾ ನೀರಿಗೆ ಒಂದು ಪೊಟ್ಟಣ, ನಾಳೆ ಈ ಹೊತ್ತಿಗೆ ಉಳಿದದ್ದು ಚೆಲ್ಲೋದು" ಎಂದರು.' ಅವರ ಮಾತು ಅವರದೇ ಪದಗಳಲ್ಲಿ.

ಇನ್ನು ಯಾವಾಗ ಹೊರಡಬೇಕು ಎಂಬುದು. ಆರು ಗಂಟೆ ಮೂತ್ರ ಇಲ್ಲದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಕಣ್ಣು ಗುಳಿಬಿದ್ದರೆ, ಎಬ್ಬಿಸಿದರೂ ತೂಕಡಿಸುತ್ತಿದ್ದರೆ, ರಕ್ತ ಕಂಡರೆ, ಯಾವುದಾದರೂ ಒಂದು ಸಾಕು, ಕಾಯುವುದು ಬೇಡ, ನೇರ ಮಡಿಕೇರಿ ಆಸ್ಪತ್ರೆಗೆ. ಆದರೆ ಕೊಡಗಿನ ಮಳೆಯಲ್ಲಿ 'ಮಡಿಕೇರಿಗೆ ಹೋಗಿ' ಎಂದು ಬರೆದ ಮಾತ್ರಕ್ಕೆ ಯಾರೂ ಮಡಿಕೇರಿ ಮುಟ್ಟುವುದಿಲ್ಲ. ರಾತ್ರಿ ಮರ ಬಿದ್ದರೆ ತೋಟದ ರಸ್ತೆ ಬಂದ್. ಜೀಪು ಯಾರದು ಎಂದು ಕೇಳಿದೆ, ತೋಟದ ಲೆಕ್ಕ ನೋಡುವ ರೈಟರ್ ಕೊಡುತ್ತಾರೆ ಎಂದರು. ಅವರ ನಂಬರನ್ನೂ ಬರೆದುಕೊಂಡೆ. ದಾರಿಯ ಅನುಮಾನವಿದ್ದುದರಿಂದ 'ಕತ್ತಲಾಗುವ ಮೊದಲು ಇನ್ನೆರಡು ಭೇದಿಯಾದರೂ ಹೊರಡಿ' ಎಂದು ಮಿತಿಯನ್ನು ಇಳಿಸಿದೆ, ಇಳಿಸಿದ್ದೇಕೆ ಎಂಬುದನ್ನೂ ಬರೆದೆ. ಇವುಗಳನ್ನೂ ಅವರ ಬಾಯಲ್ಲಿ ಹೇಳಿಸಿದೆ. ಐದರಲ್ಲಿ ನಾಲ್ಕು ಹೇಳಿದರು, ಮೂತ್ರದ್ದು ಬಿಟ್ಟಿದ್ದರು, ನೆನಪಿಸಿದೆ.

ಮಧ್ಯೆ ಲೈನ್ ಎರಡು ಸಲ ಕಟ್ಟಾಯಿತು. ಅದೂ ಟಿಪ್ಪಣಿಯಲ್ಲಿದೆ. ಕರೆ ಮುಗಿದದ್ದು 4:36, ಬರೆದು ಮುಗಿಸಿದ್ದು 4:45. ರಾತ್ರಿ 8ಕ್ಕೆ ನಾನೇ ಫೋನ್ ಮಾಡುತ್ತೇನೆ ಎಂದಿದ್ದೆ.

ಎಂಟಕ್ಕೆ ನೆಟ್‌ವರ್ಕ್ ಇಲ್ಲ, 8:10ಕ್ಕೂ ಇಲ್ಲ. ಎರಡನ್ನೂ ಬರೆದು, ರೈಟರ್ ನಂಬರಿಗೆ ಹಚ್ಚಿದೆ. ಅವರು ಕೊಡೆ ಹಿಡಿದು ಲೈನ್ ಮನೆಗೆ ಹೋಗಿ ತಾಯಿಯ ಕೈಗೆ ಫೋನ್ ಕೊಟ್ಟರು. ಸಂಜೆಯಿಂದ ಒಂದೇ ಭೇದಿ, ಏಳು ಗಂಟೆಗೆ ಮೂತ್ರ. "ಬಾಟಲಿ ಅರ್ಧ ಖಾಲಿ ಆಗಿದೆ ಡಾಕ್ಟ್ರೇ" ಎಂದರು. ಅದನ್ನೂ ಹಾಗೇ ಬರೆದೆ.