ಮೂವರ ಮನೆ, ಒಂದು ಮೀಟರ್: ಕರೆಂಟ್ ಬಿಲ್ ಹಂಚಿದ ನನ್ನ ಅನುಭವ

ಹುಬ್ಬಳ್ಳಿಯ ವಿದ್ಯಾನಗರದ ಕಡೆ ನಾವು ಮೂವರು ಒಂದು ಬಾಡಿಗೆ ಮನೆಯಲ್ಲಿದ್ದೇವೆ. ನಾನು ಮತ್ತು ಹಾವೇರಿಯವ ಬೆಳಿಗ್ಗೆ ಒಂಬತ್ತೂಕಾಲಿಗೆ ಹೊರಬಿದ್ದರೆ ಬರೋದು ಸಂಜೆ ಆರೂಮುಕ್ಕಾಲಿಗೆ. ಗದಗಿನವ ಮಾತ್ರ ಇಡೀ ದಿನ ಮನೆಯಿಂದಲೇ ಕೆಲಸ ಮಾಡುತ್ತಾನೆ. ಬಿಲ್ ಬಂದಾಗಲೆಲ್ಲ ಹಾವೇರಿಯವನದು ಒಂದೇ ರಾಗ: "ಹಗಲೆಲ್ಲಾ ಫ್ಯಾನ್ ಹಚ್ಚಿಕೊಂಡು ಕುಂದ್ರಾವ ಅವ, ರೊಕ್ಕ ಕೊಡಾವ್ರು ನಾವು?"

ಮೊದಲು ಮನೆಯಲ್ಲಿ ಎಚ್ಚರಿದ್ದ ತಾಸುಗಳ ಲೆಕ್ಕ ಹಾಕಿದೆ. ಅವನು ಹದಿನೇಳು ತಾಸು, ನಾವು ಏಳೇಳು. ಅಂದರೆ ಅರ್ಧಕ್ಕಿಂತ ಹೆಚ್ಚು ಬಿಲ್ ಅವನ ತಲೆಗೆ. ಅವನು ಗಂಟುಮೂಟೆ ಕಟ್ಟುವ ಮಾತಾಡಿದ. ಅವನ ಸಿಟ್ಟು ಸರಿಯಾಗೇ ಇತ್ತು, ಯಾಕಂದರೆ ಫ್ರಿಜ್ ಯಾರ ಎಚ್ಚರವನ್ನೂ ಕಾಯುವುದಿಲ್ಲ. ಆಮೇಲೆ ಏಳುನೂರು ಕೊಟ್ಟು ಅವನ ಕೋಣೆಗೊಂದು ಸಬ್ ಮೀಟರ್ ತಂದೆ. ಗೋಡೆ ಒಡೆಯಲು ಮಾಲೀಕರು ಒಪ್ಪಲಿಲ್ಲ. ಅದಿನ್ನೂ ಕಪಾಟಿನಲ್ಲೇ ಇದೆ.

ಕೊನೆಗೆ ಖರ್ಚಿಲ್ಲದ ದಾರಿ ಸಿಕ್ಕಿತು. ಹೊರಡುವಾಗ ಕೆಳಗಿನ ಮೀಟರಿನ ಫೋಟೊ, ಸಂಜೆ ಬಂದಾಗ ಇನ್ನೊಂದು. ನಾವಿಬ್ಬರೂ ಇಲ್ಲದ ಹೊತ್ತಿನಲ್ಲಿ ತಿರುಗಿದ್ದು ಅವನದು, ಜೊತೆಗೆ ಫ್ರಿಜ್ ಮತ್ತು ವೈಫೈಯದು. ಫ್ರಿಜ್‌ನ ಪಾಲು ದೀಪಾವಳಿಗೆ ಎಲ್ಲರೂ ಊರಿಗೆ ಹೋದಾಗ ಗೊತ್ತಾಯಿತು: ಮೂರು ದಿನಕ್ಕೆ ನಾಲ್ಕು ಯೂನಿಟ್, ಅಂದರೆ ಹಗಲಿಗೆ ಅರ್ಧ. "ಮೀಟರ್ ಮುಂದ ನಿಂತು ಪಂಚಾಂಗ ಬರಿಯಾಕತ್ತೀಯೇನಲೇ?" ಅಂತ ಹಾವೇರಿಯವ ನಕ್ಕ.

ಮೊದಲ ತಿಂಗಳು ಎಡವಿದೆ. ಸಾಮಾನ್ಯ ದಿನ ಎರಡು ಯೂನಿಟ್ ಇದ್ದ ಹಗಲಿನ ಲೆಕ್ಕ ಐದಾರು ದಿನಕ್ಕೊಮ್ಮೆ ಮೂರಕ್ಕೆ ಜಿಗಿಯುತ್ತಿತ್ತು. ಕದ್ದು ಏನೋ ಹಚ್ಚುತ್ತಾನೆ ಅಂತ ನನಗೂ ಸಂಶಯ. ನೋಡಿದರೆ ಅವು ನಳದ ನೀರು ಬಂದ ದಿನಗಳು! ಸಂಪಿನಿಂದ ಟಾಕಿಗೆ ನೀರೇರಿಸಲು ಪಾಪ ಅವನೇ ಒಂದು ತಾಸು ಮೋಟರ್ ಹಾಕುತ್ತಿದ್ದ. ಒಂದು ಎಚ್‌ಪಿ ಮೋಟರ್, ತಾಸಿಗೆ ಹತ್ತಿರಹತ್ತಿರ ಒಂದು ಯೂನಿಟ್. ಅದನ್ನು ತೆಗೆದು ಎಲ್ಲರ ಖಾತೆಗೆ ಹಾಕಿದೆ.

ಇನ್ನೊಂದು ಆಟವೂ ಆಡಿದೆ. ನಮ್ಮ ಮೀಟರಿನ ಕೆಂಪು ದೀಪ ಯೂನಿಟ್‌ಗೆ 3200 ಸಲ ಮಿಣುಕುತ್ತದೆ, ಮೀಟರ್ ಮೇಲೇ ಬರೆದಿದೆ. ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಅಂತ ಎಣಿಸಿ 11,250ನ್ನು ಅದರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಫ್ರಿಜ್ ಬಂದ್ ಮಾಡಿ ಎಣಿಸಿದಾಗ ಅವನ ಲ್ಯಾಪ್‌ಟಾಪ್, ಮಾನಿಟರ್, ಫ್ಯಾನ್ ಸೇರಿ ಎಪ್ಪತ್ತೈದು ಸೆಕೆಂಡ್ ಬಂತು. ನೂರೈವತ್ತು ವ್ಯಾಟ್, ಅಷ್ಟೇ.

ಒಂದು ತಿಂಗಳ ಲೆಕ್ಕ ಹೇಳುತ್ತೇನೆ. ಒಟ್ಟು 214 ಯೂನಿಟ್. ಅವನ ಹಗಲಿನದು ದಿನಕ್ಕೆ ಒಂದೂವರೆಯಂತೆ 38. ಗೀಜರ್ 50. ಅದು ನಮ್ಮಿಬ್ಬರದೇ, ಏಕೆಂದರೆ ಅವನದು ತಣ್ಣೀರು ಜಳಕ. ಗೀಜರಿನ ದೀಪ ಉರಿಯುವ ನಿಮಿಷ ಎಣಿಸಿ, ತಾಸಿನ ಲೆಕ್ಕಕ್ಕೆ ತಂದು ಎರಡು ಕಿಲೋವ್ಯಾಟ್‌ನಿಂದ ಗುಣಿಸಿದ್ದೆ. ಉಳಿದ 126 ಮೂವರಿಗೂ ಸಮ. ಅವನ ಪಾಲು 80, ನಮ್ಮದು 67. ಸುಮಾರು 1,900ರ ಬಿಲ್‌ನಲ್ಲಿ ಸಮಪಾಲಿಗಿಂತ ಅವನು ಹೆಚ್ಚು ಕೊಡಬೇಕಾದದ್ದು ಎಪ್ಪತ್ತು-ಎಂಬತ್ತು ರೂಪಾಯಿ. ಮೂರು ತಿಂಗಳು ಮಾತು ಬಿಟ್ಟದ್ದು ಇದಕ್ಕ!

ನಿಜವಾದ ಪೆಟ್ಟು ಬಿದ್ದದ್ದು ಗೃಹಜ್ಯೋತಿಯಲ್ಲಿ. ಈ ಮನೆಗೆ 2022-23ರ ಸರಾಸರಿಯ ಮೇಲೆ ಶೇಕಡ ಹತ್ತು ಸೇರಿ 156 ಯೂನಿಟ್ ಪುಕ್ಕಟೆ. 200ರ ಒಳಗಿದ್ದರೆ ಹೆಚ್ಚಾದದ್ದಕ್ಕಷ್ಟೇ ರೊಕ್ಕ, ದಾಟಿದರೆ ಪೂರ್ತಿ ಬಿಲ್ ನಮ್ಮದು. "ಇವನ 38 ಇಲ್ಲದಿದ್ರ ದಾಟ್ತಿರಲಿಲ್ಲ" ಅಂದ ಹಾವೇರಿಯವ. "ನಿಮ್ಮ ಗೀಜರ್ ಇಲ್ಲದಿದ್ರೂ ದಾಟ್ತಿರಲಿಲ್ಲಪಾ" ಅಂದ ಗದಗಿನವ. ಇಬ್ಬರದೂ ಖರೆ.

ಅದಕ್ಕೇ ಮೂರು ಖಾತೆಗೂ ಮಿತಿ ಕಟ್ಟಿದೆ: ಹಗಲಿಗೆ 40, ಗೀಜರಿಗೆ 35, ಉಳಿದದ್ದಕ್ಕೆ 120. ಒಟ್ಟು 195. ಇನ್ನೂರು ದಾಟಿದರೆ ಮಿತಿ ಮೀರಿದ ಖಾತೆಯವರೇ ಹೆಚ್ಚುವರಿ ದಂಡ ತುಂಬಬೇಕು. ರೀಡಿಂಗ್ ಆದ ದಿನದಿಂದ ಇಪ್ಪತ್ತೆರಡನೇ ದಿನಕ್ಕೆ 145 ದಾಟಿದ್ದರೆ ಗೀಜರ್ ಬಂದ್, ಒಲೆಯ ಮೇಲೆ ನೀರು. ನಾಲ್ಕು ತಿಂಗಳಾಯಿತು, ಇನ್ನೂರು ದಾಟಿಲ್ಲ, ಬಿಲ್ ಮುನ್ನೂರರ ಆಚೀಚೆ. ಗೀಜರನ್ನು 35ಕ್ಕೆ ಇಳಿಸಿದ್ದರ ಗುಟ್ಟು ನನ್ನ ಹತ್ತಿರವೇ ಇರಲಿ.

ನೀರಿಗೂ ಒಮ್ಮೆ ಕೋಲು ಇಳಿಸಿ ಟಾಕಿ ಅಳೆದೆ. ಹಗಲಿಗೆ ಅವನದು ಅರವತ್ತು-ಎಪ್ಪತ್ತು ಲೀಟರ್. ಬೇಸಿಗೆಯ ಟ್ಯಾಂಕರಿಗೆ ಐದು-ಐದು-ಏಳರ ಪಾಲು ಅಂತ ಬರೆದೂ ಇಟ್ಟೆ. ಗದಗಿನವ ಓದಿ, "ಹಂಗಾದ್ರ ನೀರು ಬಂದಾಗ ಮೀಟಿಂಗ್ ಬಿಟ್ಟು ಎದ್ದು ಮೋಟರ್ ಹಾಕೋದು ನೀವಾ?" ಅಂದ.

ಚೀಟಿ ಹರಿದೆ. ನೀರಿನ ರೊಕ್ಕ ಸಮಪಾಲು.