ಒಂದನೇ ತರಗತಿಗೆ ಮಗು ಸಿದ್ಧವೇ?

ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಿಯಮವಾದರೂ, ಸಿದ್ಧತೆಯನ್ನು ವಯಸ್ಸು ಮತ್ತು ಅಕ್ಷರಜ್ಞಾನದಿಂದಷ್ಟೇ ಅಳೆಯಲಾಗದು. ಉಡುಪಿಯ ನಮ್ಮ ಮಗಳು ನೂರರವರೆಗೆ ಎಣಿಸುತ್ತಿದ್ದಳು. ಆದರೆ ಶಾಲೆ ಶುರುವಾದ ವಾರ, ಜೋರು ಮಳೆಯಲ್ಲಿ, ಒದ್ದೆ ರೇನ್‌ಕೋಟಿನ ಗುಂಡಿ ಬಿಚ್ಚಲಾಗದೆ, ಶೌಚಕ್ಕೆ ಹೋಗಬೇಕೆಂದು ಟೀಚರಿಗೆ ಹೇಳಲೂ ಆಗದೆ ಅತ್ತಿದ್ದಳು.

ಬೇಸಿಗೆ ರಜೆಯಲ್ಲೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. "ಚಪ್ಪಲಿ ಜಗಲಿಯಲ್ಲಿಟ್ಟು, ಚೀಲದಿಂದ ಬುತ್ತಿ ತೆಗೆದು ಅಜ್ಜಿಗೆ ಕೊಡು" ಎಂದು ಒಮ್ಮೆ ಮಾತ್ರ ಹೇಳಿದಾಗ ಮಗು ಎಲ್ಲ ಕೆಲಸವನ್ನೂ ನೆನಪಿಟ್ಟು ಮಾಡುತ್ತದೆಯೇ, ಬುತ್ತಿಯ ಮುಚ್ಚಳವನ್ನು ತಾನೇ ತೆರೆಯುತ್ತದೆಯೇ ಎಂಬುದನ್ನು ಗಮನಿಸಿ. ಬೆರಳುಗಳಲ್ಲಿ ಬಲವಿಲ್ಲದಿದ್ದರೆ ಕಾಪಿ ಬರೆಸುವುದಕ್ಕಿಂತ (ನಾವು ಮಾಡಿದ ತಪ್ಪು ಅದೇ) ಚಪಾತಿ ಹಿಟ್ಟು ನಾದಿಸುವುದು, ಹೂ ಕಟ್ಟಿಸುವುದು ಹೆಚ್ಚು ಉಪಯುಕ್ತ. ಪಕ್ಕದ ಕೋಣೆಯಿಂದ ಕರೆದಾಗ ಪದೇ ಪದೇ ಓಗೊಡದಿದ್ದರೆ ಮಾತ್ರ ಹಟವೆಂದುಕೊಳ್ಳದೆ, ದಾಖಲಾತಿಗೆ ಮುನ್ನವೇ ಕಿವಿಯ ಪರೀಕ್ಷೆ ಮಾಡಿಸಿ.